ಈ ‘ಇಲ್ಲ’ ಯಾವ ಇಲ್ಲ? ಹೊರಗಿಡುವಿಕೆಯನ್ನು ಅಳೆಯಲು ಹೊರಟ ಒಂದು ಅಸೈನ್‌ಮೆಂಟ್

ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಪ್ರಿಂಟ್‌ಔಟ್ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಮುಖದ ತುಂಬ ಖುಷಿ. ‘ಸರ್, ಆಲ್ಫಾ 0.82 ಬಂದದ. ಇನ್ನ ಮೇನ್ ಸ್ಟಡಿ ಬರೀಲಾ?’ ಅಂದಳು.

ನಾನು ಕಲಬುರಗಿಯಲ್ಲಿ ಸಮಾಜಕಾರ್ಯದ ಮಕ್ಕಳಿಗೆ ಸಂಶೋಧನಾ ವಿಧಾನ ಕಲಿಸುತ್ತೇನೆ. ಆ ಸೆಮಿಸ್ಟರಿನಲ್ಲಿ ಎಲ್ಲರಿಗೂ ಒಂದು ಸಂಶೋಧನಾ ವಿನ್ಯಾಸ ಬರೆಯುವ ಕೆಲಸ ಇರುತ್ತದೆ. ಕಣ್ಣಿಗೆ ಕಾಣದ ಒಂದು ಪರಿಕಲ್ಪನೆಯನ್ನು ಆರಿಸಿಕೊಳ್ಳಬೇಕು. ಅದನ್ನು ಅಳೆಯಬಹುದಾದ ಸೂಚಕಗಳಾಗಿ ಒಡೆಯಬೇಕು. ಕೆಲವೇ ಮನೆಗಳಲ್ಲಿ ಕೇಳಿ ನೋಡುವ ಸಣ್ಣ ಪೈಲಟ್ ಮಾಡಬೇಕು. ನಾವು ಅಳೆದದ್ದು ಅದನ್ನೇ, ಬೇರೆ ಏನನ್ನೋ ಅಲ್ಲ ಎಂದು ತೋರಿಸಬೇಕು. ಈ ಕಡೆಯ ಭಾಗವನ್ನೇ ಸಿಂಧುತ್ವ ಅನ್ನುತ್ತೇವೆ, ಕ್ಲಾಸಿನಲ್ಲಿ ಎಲ್ಲರೂ ವ್ಯಾಲಿಡಿಟಿ ಅಂತಲೇ ಕರೆಯುತ್ತಾರೆ. ಅವಳು ಆರಿಸಿಕೊಂಡಿದ್ದು ಸಾಮಾಜಿಕ ಹೊರಗಿಡುವಿಕೆ. ಜಾಗ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. ಅವಳ ಅಜ್ಜಿಯ ಊರು ಆ ಕಡೆಯೇ.

ಪೈಲಟ್‌ಗೆ ಒಂದು ಹಳ್ಳಿಯ 40 ಮನೆ ಹಿಡಿದಿದ್ದಳು. ಊರೊಳಗಿನ ಓಣಿಗಳಲ್ಲಿ 14, ದಲಿತ ಕೇರಿಯಲ್ಲಿ 14, ಊರಿಂದ ಎರಡು ಕಿಲೋಮೀಟರ್ ಆಚೆಯ ತಾಂಡಾದಲ್ಲಿ 12. ಪ್ರಶ್ನೆ ಹನ್ನೆರಡು. ಪಕ್ಕಾ ಮನೆ ಇದೆಯಾ, ಶೌಚಾಲಯ ಇದೆಯಾ, ಮನೆಗೆ ನಳ ಇದೆಯಾ, ಬ್ಯಾಂಕ್ ಖಾತೆ, ರೇಷನ್ ಕಾರ್ಡ್, ಸ್ಮಾರ್ಟ್‌ಫೋನ್, ಮನೆಯಲ್ಲಿ ಹತ್ತನೇ ತರಗತಿ ಪಾಸಾದವರು ಇದ್ದಾರಾ, ಸಂಘದಲ್ಲಿ ಸದಸ್ಯರಾ, ಗ್ರಾಮ ಸಭೆಗೆ ಹೋಗಿದ್ದೀರಾ, ಕಳೆದ ಚುನಾವಣೆಯಲ್ಲಿ ಮತ ಹಾಕಿದ್ದೀರಾ, ದೇವಸ್ಥಾನಕ್ಕೆ ಹೋಗದಂತೆ ಯಾರಾದರೂ ತಡೆದಿದ್ದಾರಾ, ಹೋಟೆಲಿನಲ್ಲಿ ಬೇರೆ ಕಪ್ ಕೊಡುತ್ತಾರಾ. ಉತ್ತರಗಳನ್ನು ಕೂಡಿಸಿ ಪ್ರತಿ ಮನೆಗೆ ಒಂದು ಅಂಕ.

ಒಂದು ಪಟ್ಟಿಯ ಪ್ರಶ್ನೆಗಳ ಉತ್ತರಗಳು ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಅಂತ ಹೇಳುವ ಅಂಕಿ ಆಲ್ಫಾ. ಕ್ರೋನ್‌ಬ್ಯಾಕ್ 1951ರಲ್ಲಿ ಹೆಸರಿಟ್ಟ ಈ ಆಲ್ಫಾ ನಮ್ಮ ಮಕ್ಕಳಿಗೆ ಪರೀಕ್ಷೆಯ ಪಾಸ್ ಮಾರ್ಕಿನ ಹಾಗೆ. 0.70 ದಾಟಿತು ಅಂದರೆ ಗೆದ್ದೆವು ಅಂತ. ಅವಳ ಪ್ರಿಂಟ್‌ಔಟಿನ ಕೆಳಗೆ ಇನ್ನೊಂದು ಪಟ್ಟಿ ಇತ್ತು, `Cronbach's Alpha if Item Deleted`. ಆ ಪ್ರಶ್ನೆ ತೆಗೆದರೆ ಆಲ್ಫಾ ಎಷ್ಟಾಗುತ್ತದೆ ಅಂತ ಅದು ಹೇಳುತ್ತದೆ. ದೇವಸ್ಥಾನದ ಪ್ರಶ್ನೆ, ಹೋಟೆಲಿನ ಪ್ರಶ್ನೆ, ಯಾವುದನ್ನು ತೆಗೆದರೂ ಆಲ್ಫಾ ಏರುತ್ತಿತ್ತು. ಎರಡನ್ನೂ ತೆಗೆದರೆ 0.86. ಅವಳು ಪೆನ್ಸಿಲಿನಲ್ಲಿ ಆ ಎರಡಕ್ಕೂ ಅಡ್ಡಗೆರೆ ಎಳೆದುಕೊಂಡೇ ಬಂದಿದ್ದಳು.

ನನಗೆ ಕಸಿವಿಸಿಯಾಗಿದ್ದು ಆ ಎರಡು ಗೆರೆ ನೋಡಿ. ಹನ್ನೆರಡು ಪ್ರಶ್ನೆಗಳಲ್ಲಿ ಹೊರಗಿಡುವಿಕೆಯ ಹತ್ತಿರ ಹೋಗಿದ್ದು ಅವೆರಡೇ. ಅವನ್ನೇ ತೆಗೆದರೆ ಅಳತೆ ಸುಧಾರಿಸುತ್ತದೆ ಅಂತ ಕಂಪ್ಯೂಟರ್ ಹೇಳುತ್ತಿದೆ ಅಂದರೆ, ಉಳಿದ ಹತ್ತು ಅಳೆಯುತ್ತಿರುವುದಾದರೂ ಏನನ್ನು?

ಅದನ್ನು ತಿಳಿಯುವುದು ಕಷ್ಟವಲ್ಲ. ಅವಳು ಅದೇ ಮನೆಗಳಲ್ಲಿ ಗಾಡಿ, ಟಿ.ವಿ., ಫ್ರಿಜ್, ಎತ್ತು, ನೀರಾವರಿ ಹೊಲ ಎಂದು ಆಸ್ತಿಪಾಸ್ತಿಯ ಪಟ್ಟಿಯನ್ನೂ ತುಂಬಿಸಿಕೊಂಡಿದ್ದಳು, ಮನೆಯ ಹಿನ್ನೆಲೆ ಬರೆಯುವುದಕ್ಕೆ ಅಂತ. ‘ನಿನ್ನ ಹೊರಗಿಡುವಿಕೆಯ ಅಂಕಕ್ಕೂ ಈ ಆಸ್ತಿಯ ಅಂಕಕ್ಕೂ ಸಹಸಂಬಂಧ ಎಷ್ಟು ಬರ್ತದ ನೋಡವ್ವ’ ಅಂದೆ. ಅಲ್ಲೇ ಕೂತು ತೆಗೆದಳು. ದಿಕ್ಕು ಬಿಟ್ಟು ಬರೀ ಬಲ ನೋಡಿದರೆ 0.79. ಆಸ್ತಿ ಕಡಿಮೆಯಾದಂತೆ ‘ಹೊರಗಿಡುವಿಕೆ’ ಹೆಚ್ಚು, ಹೆಚ್ಚುಕಮ್ಮಿ ಗೆರೆ ಎಳೆದ ಹಾಗೆ. ಅವಳು ಹೊರಗಿಡುವಿಕೆ ಅಂತ ಹೆಸರಿಟ್ಟು ಬಡತನವನ್ನು ಎರಡನೇ ಸಲ ಅಳೆದಿದ್ದಳು.

ಬಡತನಕ್ಕೂ ಹೊರಗಿಡುವಿಕೆಗೂ ನಂಟು ಇರುವುದೇನೋ ನಿಜ. ಹೊರಗಿಟ್ಟವರೇ ಬಡವರಾಗಿರುವುದು ನಮ್ಮ ಕಡೆ ಹೊಸ ಮಾತಲ್ಲ. ಆದರೆ ಎರಡೂ ಒಂದೇ ಆಗಿದ್ದರೆ ಹೊಸ ಅಳತೆ ಯಾಕೆ ಬೇಕು? ಬಡತನಕ್ಕೆ ಒಳ್ಳೆಯ ಅಳತೆಗಳು ಆಗಲೇ ಇವೆ. ಅಂಕಿಗಿಂತ ಎರಡು ಮನೆಗಳ ಹಾಳೆ ಇದನ್ನು ಚೆನ್ನಾಗಿ ಹೇಳುತ್ತಿತ್ತು. ಕೇರಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ಆರ್‌ಸಿಸಿ ಮನೆ, ಪಿಂಚಣಿ, ಇಬ್ಬರು ಮಕ್ಕಳು ನೌಕರಿಯಲ್ಲಿ. ಅವಳ ಪಟ್ಟಿಯಲ್ಲಿ ಅವರದು ಸೊನ್ನೆ, ಹೊರಗಿಡುವಿಕೆ ಚೂರೂ ಇಲ್ಲ. ಊರೊಳಗೆ, ಗೌಡರ ಮನೆಯ ಪಕ್ಕದಲ್ಲೇ, ಗೌಡರದೇ ಜಾತಿಯ ಒಬ್ಬ ಬಡ ರೈತ. ಮಣ್ಣಿನ ಮನೆ, ಓದು ಇಲ್ಲ, ಸ್ಮಾರ್ಟ್‌ಫೋನ್ ಇಲ್ಲ. ಅವನಿಗೆ ಎಂಟು. ಊರಿನ ಯಾವ ಕಟ್ಟೆಯ ಮೇಲೂ ಅವನು ಕೂರಬಹುದು, ಯಾವ ಮದುವೆಯ ಪಂಕ್ತಿಯಲ್ಲೂ ಉಣ್ಣಬಹುದು. ಮಾಸ್ತರರಿಗೆ ಅದು ಸಾಧ್ಯವಾ?

‘ಅವರನ್ನೂ ಕೇಳಿದೆ ಸರ್, ಹೋಟೆಲಿನಾಗ ಬ್ಯಾರೆ ಕಪ್ ಇಲ್ಲ ಅಂದ್ರು’ ಅಂದಳು.

ಮುಂದಿನ ಭಾನುವಾರ ನಾನೂ ಅವಳ ಜೊತೆ ಹೋದೆ. ಕಲಬುರಗಿಯಿಂದ ಜೇವರ್ಗಿ ಮೇಲೆ ಶಹಾಪುರ, ಅಲ್ಲಿಂದ ಟಂಟಂ. ಹತ್ತಿ ಬಿಡಿಸುವ ಕಾಲ. ಮಾಸ್ತರರು ಬಸ್ ಸ್ಟಾಪಿಗೇ ಬಂದಿದ್ದರು. ‘ಮೊದಲ ಚಹಾ ಕುಡೀರಿ’ ಅಂತ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದರು. ನಮ್ಮನ್ನು ಒಳಗೆ ಕೂರಿಸಿದರು. ಒಳಗೆ ಎರಡು ಬೆಂಚು, ಏಳೆಂಟು ಜನ. ಮಾಸ್ತರರು ಒಳಗೆ ಬರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಂತರು. ಹುಡುಗ ಅವರಿಗೂ ಚಹಾ ತಂದುಕೊಟ್ಟ. ಕಪ್ ಬೇರೆ ಇರಲಿಲ್ಲ ನಿಜ, ಎಲ್ಲರಿಗೂ ಅದೇ ಪೇಪರ್ ಕಪ್. ಹಿಂದೆ ಗೋಡೆಯ ಗೂಡಿನಲ್ಲಿ ಬೇರೆ ಗ್ಲಾಸು ಇಡುತ್ತಿದ್ದರಂತೆ. ಪೇಪರ್ ಕಪ್ ಬಂದ ಮೇಲೆ ಅದು ಹೋಯಿತು. ಗ್ಲಾಸು ಹೋಯಿತು, ನಿಲ್ಲುವ ಜಾಗ ಹೋಗಲಿಲ್ಲ.

ಹೊರಗೆ ಬಂದ ಮೇಲೆ ಅವಳು ಮೆಲ್ಲಗೆ ಕೇಳಿದಳು, ‘ಮುತ್ಯಾ, ನೀವ್ಯಾಕ ಒಳಗ ಬರಲಿಲ್ಲ?’

‘ಒಳಗ ಸೆಕಿ ಅದವಾ. ಹೊರಗ ಗಾಳಿ ಚಲೋ ಬರ್ತದ.’

ಅವಳು ಸುಮ್ಮನಾಗಲಿಲ್ಲ. ‘ನಿಮ್ಮ ಮಗ ಬೆಂಗಳೂರಿಂದ ಬಂದಾಗ ಒಳಗ ಕುಂತ್ರ?’

ಮಾಸ್ತರರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಅವಗ ಹೇಳೀನಿ, ಊರಿಗಿ ಬಂದಾಗ ಚಹಾ ಮನ್ಯಾಗೇ ಕುಡಿ ಅಂತ’ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಜಾಸ್ತಿ ಮಾತಾಡಲಿಲ್ಲ. ಅಸೈನ್‌ಮೆಂಟಿನ ಎಲ್ಲ ಕೆಲಸ ಆ ಎರಡು ಉತ್ತರಗಳ ನಡುವೆಯೇ ಇತ್ತು. ‘ಗಾಳಿ ಚಲೋ ಬರ್ತದ’ ಅನ್ನುವುದನ್ನು ನಮ್ಮ ಹಾಳೆ ‘ಇಷ್ಟವಿಲ್ಲ, ಆದ್ದರಿಂದ ಹೊರಗಿಟ್ಟಿಲ್ಲ’ ಅಂತ ಬರೆದುಕೊಳ್ಳುತ್ತಿತ್ತು. ಮಗನ ಬಗ್ಗೆ ಕೊಟ್ಟ ಉತ್ತರ ಅದಕ್ಕೆ ಪೂರ್ತಿ ಉಲ್ಟಾ.

ಮರುದಿನ ಮೊದಲಿಂದ ಶುರು ಮಾಡಿದೆವು. ಮೊದಲು ವ್ಯಾಖ್ಯೆ. ಹೊರಗಿಡುವಿಕೆ ಅನ್ನುವ ಪದ ಇವತ್ತಿನ ಅರ್ಥದಲ್ಲಿ ಚಾಲ್ತಿಗೆ ಬಂದಿದ್ದು ಫ್ರಾನ್ಸಿನಿಂದ. 1974ರಲ್ಲಿ ರೆನೆ ಲೆನ್ವಾ ಸರ್ಕಾರದ ಸೌಲಭ್ಯಗಳ ಆಚೆ ಉಳಿದವರ ಬಗ್ಗೆ ಬರೆಯುವಾಗ ಬಳಸಿದ ಪದ. ಅಮರ್ತ್ಯ ಸೇನ್ 2000ದಲ್ಲಿ ಅದನ್ನು ಏಷ್ಯಾದ ಪರಿಸ್ಥಿತಿಗೆ ಇಟ್ಟು ನೋಡಿದಾಗ ನಮಗೆ ಬೇಕಾದ ಒಂದು ಎಚ್ಚರಿಕೆ ಕೊಟ್ಟರು. ಪೂರ್ತಿ ಹೊರಗಿಡುವುದು ಬೇರೆ, ಕೆಟ್ಟ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಳ್ಳುವುದು ಬೇರೆ, ಎರಡನ್ನೂ ಒಂದೇ ಅಂತ ಕಲಸಬೇಡಿ ಅಂತ. ಮಾಸ್ತರರಿಗೆ ಚಹಾ ಸಿಗುತ್ತದೆ. ಹಣ ಅಷ್ಟೇ, ಕಪ್ ಅದೇ. ಷರತ್ತು ಮಾತ್ರ ಬೇರೆ.

ನಾನು ಮಕ್ಕಳಿಗೆ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ವ್ಯಾಖ್ಯೆ ಬರೆದು, ಅದರ ಮುಖ್ಯ ಪದಗಳಿಗೆ ಅಡಿಗೆರೆ ಹಾಕಿ. ಆಮೇಲೆ ಪ್ರಶ್ನಾವಳಿ ತೆಗೆದು, ಅಡಿಗೆರೆ ಹಾಕಿದ ಪ್ರತಿ ಪದಕ್ಕೂ ಯಾವ ಪ್ರಶ್ನೆ ಉತ್ತರ ಕೊಡುತ್ತದೆ ಅಂತ ಬೆರಳಿಟ್ಟು ತೋರಿಸಿ. ಬೆರಳು ಇಡಲು ಜಾಗವೇ ಸಿಗದಿದ್ದರೆ ಆ ಪದ ನಿಮ್ಮ ಅಳತೆಯಲ್ಲಿ ಇಲ್ಲ. ಅವಳ ಹೊಸ ವ್ಯಾಖ್ಯೆ ಹೀಗಿತ್ತು: ಊರಿನ ಎಲ್ಲರದೂ ಆದ ಜಾಗ, ಕೆಲಸ ಮತ್ತು ಕೂಟಗಳಲ್ಲಿ ಒಂದು ಮನೆಯವರು <u>ಭಾಗವಹಿಸಲು</u> <u>ಬೇರೆಯವರ ನಡವಳಿಕೆಯಿಂದ</u> ಆಗದಿರುವುದು, ಅಥವಾ <u>ಉಳಿದವರಿಗಿಲ್ಲದ ಷರತ್ತಿನ</u> ಮೇಲೆ ಮಾತ್ರ ಆಗುವುದು. ಹಳೆಯ ಹನ್ನೆರಡು ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟು ನೋಡಿದಳು. ‘ಬೇರೆಯವರ ನಡವಳಿಕೆ’ಗೆ ಬೆರಳಿಡಲು ಎರಡೇ ಜಾಗ. ‘ಷರತ್ತಿ’ಗೆ ಬರೀ ಆ ಕಪ್ಪಿನ ಪ್ರಶ್ನೆ, ಅದೂ ಕಾಲ ಮುಗಿದದ್ದು. ಪಕ್ಕಾ ಮನೆ, ಶೌಚಾಲಯ, ಫೋನು ಯಾವ ಪದಕ್ಕೂ ಸೇರಲಿಲ್ಲ. ಬ್ಯಾಂಕ್ ಖಾತೆ ಮತ್ತು ಮತದಾನ ಬೇರೆ ಕಾರಣಕ್ಕೆ ಬಿದ್ದವು. ಜನಧನ್ ಬಂದ ಮೇಲೆ ಖಾತೆ ಹೆಚ್ಚುಕಮ್ಮಿ ಎಲ್ಲ ಮನೆಗೂ ಇದೆ, ಮತವನ್ನೂ ಹೆಚ್ಚುಕಮ್ಮಿ ಎಲ್ಲರೂ ಹಾಕಿದ್ದರು. ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆ ಯಾರನ್ನೂ ಯಾರಿಂದಲೂ ಬೇರೆ ಮಾಡಿ ತೋರಿಸುವುದಿಲ್ಲ.

ಪದದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಮೊದಲ ಪ್ರಶ್ನಾವಳಿಯ ಮೇಲೆ ಅವಳು ‘ಸಾಮಾಜಿಕ ಬಹಿಷ್ಕಾರ’ ಅಂತ ಬರೆದಿದ್ದಳು, ಪಠ್ಯದಲ್ಲಿ ಹಾಗೇ ಇತ್ತು ಅಂತ. ಊರವರಿಗೆ ಬಹಿಷ್ಕಾರ ಅಂದರೆ ಪಂಚರು ಕೂತು, ಮಾತು-ನೀರು ನಿಲ್ಲಿಸಿ, ಡಂಗುರ ಸಾರುವುದು. ‘ನಮ್ಮೂರಾಗ ಅಂಥಾದ್ದು ಆಗಿಲ್ರೀ’ ಅಂತ ಬಹಳ ಜನ ಪ್ರಾಮಾಣಿಕವಾಗಿಯೇ ಹೇಳಿದ್ದರು. ಒಂದು ಪದದಿಂದಾಗಿಯೇ ನಾವು ಕೇಳಿದ್ದು ಬೇರೆ, ಅವರು ಉತ್ತರಿಸಿದ್ದು ಬೇರೆ. ಹೊಸ ಪ್ರಶ್ನಾವಳಿಯಲ್ಲಿ ಪರಿಕಲ್ಪನೆಯ ಹೆಸರೇ ಇರಲಿಲ್ಲ.

ಇನ್ನು ‘ಇಲ್ಲ’ದ ಕಥೆ. ‘ದೇವಸ್ಥಾನಕ್ಕೆ ಹೋಗದಂತೆ ಯಾರಾದರೂ ತಡೆದಿದ್ದಾರಾ’ ಅಂತ ಕೇಳಿದಾಗ ಕೇರಿಯ 14 ಮನೆಯಲ್ಲಿ 13 ಮನೆ ‘ಇಲ್ಲ’ ಅಂದಿದ್ದವು. ಅವಳು ಮತ್ತೆ ಹೋಗಿ ಸುಮ್ನೆ ಮಾತಾಡಿಸಿದಳು. ಎರಡು ಮನೆಯವರು ಹೋಗಿದ್ದರು, ಯಾರೂ ಏನೂ ಅಂದಿರಲಿಲ್ಲ. ಮೂರು ಮನೆಯವರಿಗೆ ಆ ದೇವರ ನಡೆ ಇಲ್ಲ, ಅವರು ಹೋಗುವುದು ಬೇರೆ ಕಡೆ. ಉಳಿದ ಎಂಟು ಮನೆಯವರು ಹೊಸ್ತಿಲ ತನಕ ಹೋಗಿಯೇ ಇರಲಿಲ್ಲ, ಹೋದರೆ ಏನಾಗುತ್ತದೆ ಅಂತ ಗೊತ್ತಿತ್ತು. ಹೋಗದವರನ್ನು ಯಾರು ತಡೆಯುತ್ತಾರೆ? ಮೂರು ಬೇರೆ ಬೇರೆ ಬದುಕು, ಹಾಳೆಯ ಮೇಲೆ ಒಂದೇ ‘ಇಲ್ಲ’. ಹೊರಗಿಡುವಿಕೆ ಎಲ್ಲಿ ಗಟ್ಟಿಯಾಗಿ ಬೇರೂರಿದೆಯೋ ಅಲ್ಲೇ ತಡೆಯುವ ಪ್ರಸಂಗ ಕಡಿಮೆ. ಹಾಗಾಗಿ ಆ ಪ್ರಶ್ನೆ ಬರೀ ತಪ್ಪು ಅಲ್ಲ, ತಲೆಕೆಳಗು. ಹೊರಗಿಡುವಿಕೆ ಹೆಚ್ಚಿದ್ದಷ್ಟೂ ಅದು ಕಡಿಮೆ ತೋರಿಸಬಹುದು.

ನೇರ ಪ್ರಶ್ನೆಗೆ ಸಿಗುವ ಉತ್ತರ ಸಾಲದು ಅನ್ನುವುದು ದೊಡ್ಡ ಸಮೀಕ್ಷೆಗಳಿಗೂ ಗೊತ್ತು. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ 2011-12ರ ಸುತ್ತಿನಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರಾ ಅಂತ ಕೇಳಿ, ಇಲ್ಲ ಅಂದವರಿಗೆ ಇನ್ನೊಂದು ಪ್ರಶ್ನೆ ಕೇಳಿತು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ಪಾತ್ರೆ ಬಳಸಿದರೆ ಅಡ್ಡಿಯಿಲ್ಲವಾ? ಎರಡೂ ಸೇರಿಸಿದಾಗ ನೂರರಲ್ಲಿ ಸುಮಾರು 27 ಮನೆ ಆಚರಣೆ ಒಪ್ಪಿಕೊಂಡ ಹಾಗಾಯಿತು. ಅಡುಗೆಮನೆ, ಪಾತ್ರೆ ಅಂತ ಕೈಗೆ ಸಿಗುವ ವಸ್ತುವಿಗೆ ಬಂದಾಗ ಮಾತು ಬೇರೆಯಾಗುತ್ತದೆ. ಅಲ್ಲಿ ಕೇಳಿದ್ದು ಆಚರಿಸುವವರನ್ನು. ಅನುಭವಿಸುವವರಿಗೆ ಅದನ್ನು ಹೇಗೆ ತಿರುಗಿಸುವುದು ಅನ್ನುವುದು ನಮ್ಮ ತಲೆನೋವು.

ಅವಳು ಕಡೆಗೆ ಕಟ್ಟಿದ್ದು ಹೀಗೆ. ಅಭಿಪ್ರಾಯ ಕೇಳಬಾರದು, ಕಡೆಯ ಸಲ ಏನಾಯಿತು ಅಂತ ಕೇಳಬೇಕು. ಹೋಟೆಲಿಗೆ ನಾಲ್ಕು ಪ್ರಶ್ನೆ, ಒಂದರ ಹಿಂದೊಂದು:

ಕಡೆಯ ಸಲ ಊರಿನ ಹೋಟೆಲಿನಾಗ ಚಹಾ ಕುಡದದ್ದು ಯಾವಾಗ?
ಅವತ್ತು ನೀವು ಎಲ್ಲಿ ಕುಂತಿದ್ರಿ, ಇಲ್ಲಾ ಎಲ್ಲಿ ನಿಂತಿದ್ರಿ?
ಅವತ್ತು ಅಲ್ಲಿದ್ದ ಉಳಿದವರು ಎಲ್ಲಿ ಕುಂತಿದ್ರು?
ನಿಮ್ಮ ಮಗನೋ ತಮ್ಮನೋ ಒಳಗ ಹೋಗಿ ಬೆಂಚಿನ ಮ್ಯಾಲ ಕುಂತ್ರ ಏನಾಗ್ತದ?

ಮೂರನೆಯದು ಸಣ್ಣದಾಗಿ ಕಾಣುತ್ತದೆ, ಆದರೆ ಅದಿಲ್ಲದೆ ಎರಡನೆಯದಕ್ಕೆ ಅರ್ಥವೇ ಇಲ್ಲ. ಬೇಸಿಗೆಯಲ್ಲಿ ಎಲ್ಲರೂ ಗಿಡದ ಕೆಳಗೆ ನಿಂತು ಕುಡಿದರೆ ಹೊರಗೆ ನಿಲ್ಲುವುದು ಷರತ್ತಲ್ಲ. ‘ಉಳಿದವರಿಗಿಲ್ಲದ’ ಅನ್ನುವ ಪದಕ್ಕೆ ಬೆರಳಿಡುವ ಜಾಗ ಇದೇ. ನಾಲ್ಕನೆಯದು ಮಾಸ್ತರರಿಂದ ಕಲಿತದ್ದು. ತನಗೆ ಬೇಕಾ ಅಂತ ಕೇಳಿದರೆ ಬೇಡ ಅನ್ನುವುದನ್ನು ಜನ ವರ್ಷಗಟ್ಟಲೆ ರೂಢಿ ಮಾಡಿಕೊಂಡಿರುತ್ತಾರೆ, ಮರ್ಯಾದೆಯ ಮಾತೂ ಹೌದು. ಮಗನ ಬಗ್ಗೆ ಕೇಳಿದರೆ ಊರಿನ ನಿಯಮ ಹೊರಗೆ ಬರುತ್ತದೆ. ಬೇಡ ಅಂದವರ ‘ಬೇಡ’ವನ್ನು ಆಯ್ಕೆ ಅಂತ ಬರೆದುಕೊಳ್ಳುವುದು ನಾಲ್ಕನೆಯದಕ್ಕೆ ‘ಏನೂ ಆಗಲ್ಲ’ ಅಂತ ಬಂದಾಗ ಮಾತ್ರ.

ಈ ಅಚ್ಚಿನಲ್ಲೇ ಒಂಬತ್ತು ‘ಬಾಗಿಲು’ ಮಾಡಿದಳು. ಕೂಡುವುದು-ಉಣ್ಣುವುದರಲ್ಲಿ ಹೋಟೆಲು, ಮದುವೆಯ ಊಟ, ಜಾತ್ರೆ. ನೀರು ಮತ್ತು ಕೆಲಸದಲ್ಲಿ ಮೂರು. ಪಂಚಾಯಿತಿಯಲ್ಲಿ ಮೂರು. ಪಂಚಾಯಿತಿಯದು ಒಂದನ್ನು ಹೇಳುತ್ತೇನೆ, ತಾಂಡಾದವರು ಕಲಿಸಿದ್ದು ಅದು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ಹೋಗಿದ್ರಾ ಅಂದರೆ ತಾಂಡಾದ ಹೆಣ್ಣುಮಕ್ಕಳು ಇಲ್ಲ ಅಂದರು. ಯಾಕೆ ಅಂದರೆ ‘ನಮಗ ತಿಳೀಲೇ ಇಲ್ಲ’. ಸಭೆಯ ಸುದ್ದಿ ಸಾರುವ ಮೈಕಿನ ಆಟೊ ಊರೊಳಗೆ ಸುತ್ತಿ, ಅಗಸಿಯಿಂದಲೇ ತಿರುಗಿ ಹೋಗುತ್ತಿತ್ತು. ‘ಹೋಗಿದ್ರಾ’ ಅನ್ನುವ ಪ್ರಶ್ನೆ ಹೋದ ಮೇಲೆ ‘ಮೈಕಿನ ಗಾಡಿ ನಿಮ್ಮ ಕಡೆ ಬಂದಿತ್ತಾ’ ಅನ್ನುವುದು ಬಂತು. ಹೋಗದಿರುವುದಕ್ಕೆ ಕಾರಣ ನೂರು ಇರಬಹುದು. ಗಾಡಿ ಬಾರದಿರುವುದು ಬೇರೆಯವರ ನಡವಳಿಕೆ.

ಹೊಸ ಪಟ್ಟಿಯನ್ನು ಪಕ್ಕದ ಇನ್ನೊಂದು ಹಳ್ಳಿಯ 40 ಮನೆಗೆ ಒಯ್ಯುವ ಮುಂಚೆ ಅವಳು ಆಲ್ಫಾದ ಬಗ್ಗೆ ಕೇಳಿದಳು. ಈ ಸಲ ಅದು ಕಡಿಮೆ ಬಂದರೆ ಪರೀಕ್ಷಕರು ಏನನ್ನುತ್ತಾರೆ ಅಂತ ಅವಳಿಗೆ ಹೆದರಿಕೆ. ನಾನು ಸಾಲದ ಲೆಕ್ಕ ಹೇಳಿದೆ. ಒಂದು ಮನೆಗೆ ಸೊಸೈಟಿಯ ಸಾಲ ಇದೆ, ಸಾಹುಕಾರನದೂ ಇದೆ, ಕಿರಾಣಿ ಅಂಗಡಿಯ ಉದ್ರಿಯೂ ಇದೆ. ಸೊಸೈಟಿ ಸಾಲ ಇದ್ದವರಿಗೆ ಉದ್ರಿಯೂ ಇರಲೇಬೇಕು ಅಂತಿಲ್ಲ. ಮೂರೂ ಜೊತೆಜೊತೆಗೆ ಏರಿಳಿಯುವುದಿಲ್ಲ ಅಂತ ಉದ್ರಿಯನ್ನು ಲೆಕ್ಕದಿಂದ ತೆಗೆದರೆ ಮನೆಯ ಸಾಲದ ಹೊರೆಯೇ ತಪ್ಪಾಗುತ್ತದೆ. ಜ್ವರ ಹಾಗಲ್ಲ. ನಾಲಿಗೆ ಕೆಳಗೆ ಇಟ್ಟರೂ ಕಂಕುಳಲ್ಲಿ ಇಟ್ಟರೂ ಥರ್ಮಾಮೀಟರ್ ಹೆಚ್ಚುಕಮ್ಮಿ ಒಂದೇ ಮಾತು ಹೇಳಬೇಕು, ಯಾಕೆಂದರೆ ಎರಡಕ್ಕೂ ಕಾರಣ ಒಂದೇ ಜ್ವರ. ಆಲ್ಫಾ ಜ್ವರದಂಥ ವಿಷಯಕ್ಕೆ ಸರಿ. ಮುಚ್ಚಿದ ಬಾಗಿಲುಗಳು ಸಾಲದ ಹಾಗೆ. ಅವು ಕೂಡಿಯೇ ಹೊರಗಿಡುವಿಕೆ ಆಗುತ್ತದೆ, ಒಂದು ಇನ್ನೊಂದರ ಜೊತೆ ಬರಲೇಬೇಕೆಂದಿಲ್ಲ. ಮೊದಲ ಪಟ್ಟಿಯಲ್ಲಿ ಆಲ್ಫಾ ಅಷ್ಟು ಚೆನ್ನಾಗಿ ಬಂದಿದ್ದೂ ಇದೇ ಕಾರಣಕ್ಕೆ: ಹತ್ತು ಪ್ರಶ್ನೆಗಳ ಹಿಂದೆ ಬಡತನ ಅನ್ನುವ ಒಂದೇ ಜ್ವರ ಇತ್ತು. ವಿನ್ಯಾಸದಲ್ಲಿ ಅವಳು ಇದನ್ನು ಒಂದು ಪುಟ ಬರೆದಳು, ಆಲ್ಫಾವನ್ನು ಯಾಕೆ ಪುರಾವೆಯಾಗಿ ಕೊಡುತ್ತಿಲ್ಲ ಅಂತ. ಕೊಡದೆ ಸುಮ್ಮನಿರುವುದಕ್ಕೂ ಯಾಕೆ ಕೊಡುತ್ತಿಲ್ಲ ಅಂತ ಬರೆಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಹಾಗಾದರೆ ಪುರಾವೆ ಯಾವುದು? ಸೋಲಬಹುದಾದ ಮಾತನ್ನು ಮುಂಚೆಯೇ ಬರೆದಿಡುವುದು. ಅವಳು ಎರಡು ಬರೆದು, ತಾರೀಖು ಹಾಕಿ, ನನ್ನ ಸಹಿ ಮಾಡಿಸಿಕೊಂಡಳು. ಒಂದು, ಹೊಸ ಅಂಕಕ್ಕೂ ಆಸ್ತಿಗೂ ಸಹಸಂಬಂಧ ಇರುತ್ತದೆ, ಆದರೆ 0.5ಕ್ಕಿಂತ ಕಡಿಮೆ. ಅದಕ್ಕಿಂತ ಜಾಸ್ತಿ ಬಂದರೆ ಮತ್ತೆ ಬಡತನವನ್ನೇ ಅಳೆದಿದ್ದೇನೆ ಅಂತ ಒಪ್ಪಿಕೊಳ್ಳುತ್ತೇನೆ. 0.5 ಅನ್ನುವುದು ಯಾವ ಶಾಸ್ತ್ರವೂ ಕೊಟ್ಟ ಗೆರೆ ಅಲ್ಲ, ಮುಂಚೆ ಎಳೆದುಕೊಂಡ ಗೆರೆ ಅಷ್ಟೆ. ಎರಡು, ಕೇರಿಯ ಅನುಕೂಲಸ್ಥ ಮನೆಗಳಲ್ಲಿ ಮುಚ್ಚಿದ ಬಾಗಿಲು ಹೆಚ್ಚಿರುತ್ತವೆ, ಊರೊಳಗಿನ ಬಡ ಮನೆಗಳಲ್ಲಿ ಎರಡಕ್ಕಿಂತ ಹೆಚ್ಚಿರುವುದಿಲ್ಲ.

ಸಹಸಂಬಂಧ 0.31 ಬಂತು. ಮೊದಲ ಮಾತು ಉಳಿಯಿತು.

ಎರಡನೆಯದು ಅರ್ಧ ಬಿತ್ತು. ಕೇರಿಯ ಐದು ಅನುಕೂಲಸ್ಥ ಮನೆಗಳಲ್ಲಿ ಕನಿಷ್ಠ ನಾಲ್ಕು ಬಾಗಿಲು ಮುಚ್ಚಿದ್ದವು, ಅಂದುಕೊಂಡ ಹಾಗೆಯೇ. ಊರೊಳಗಿನ ಆರು ಬಡ ಮನೆಗಳಲ್ಲಿ ನಾಲ್ಕಕ್ಕೆ ಸೊನ್ನೆ ಅಥವಾ ಒಂದು. ಉಳಿದ ಎರಡು ಮನೆಗೆ ನಾಲ್ಕು ನಾಲ್ಕು. ಹಾಳೆ ತೆಗೆದು ನೋಡಿದರೆ ಎರಡೂ ಗಂಡ ಸತ್ತ ಹೆಣ್ಣುಮಕ್ಕಳ ಮನೆ. ಒಬ್ಬಾಕೆ ಹೇಳಿದ್ದು ಅವಳ ಕೈಬರಹದಲ್ಲೇ ಇತ್ತು: ‘ಮದಿವಿಗಿ ಕರೀತಾರವ್ವ, ಅಡಿಗಿ ಕೆಲಸಕ್ಕ. ಅರಿಶಿಣ ಹಚ್ಚೂ ಮುಂದ ನಾನೇ ಹಿತ್ತಲಕ್ಕ ಹೋಗಿಬಿಡ್ತೀನಿ.’

ಅವಳು ಓಡಿ ಬಂದಳು. ‘ಸರ್, ಇದು ಸೋಲಲ್ಲ. ವಿಧವೆಯರನ್ನೂ ಹೊರಗಿಡ್ತಾರ, ನನ್ನ ಅಳತಿ ಅದನ್ನೂ ಹಿಡದದ. ಇದು ಗೆಲುವು ಅಲ್ಲೇನ್ರಿ?’

ನನಗೂ ಹಾಗೇ ಅನ್ನಿಸಿತ್ತು. ಆ ಹೆಣ್ಣುಮಗಳ ಮಾತು ಓದಿದ ಯಾರಿಗೂ ಅದು ಹೊರಗಿಡುವಿಕೆ ಅಲ್ಲ ಅನ್ನಿಸುವುದಿಲ್ಲ. ಆದರೂ ಹಾಗೆ ಬರೆಯಲು ನಾನು ಬಿಡಲಿಲ್ಲ. ಫಲಿತಾಂಶ ನೋಡಿದ ಮೇಲೆ ಹುಟ್ಟಿದ ವಿವರಣೆ ಎಷ್ಟೇ ಚೆಂದ ಇದ್ದರೂ ಅದು ಪರೀಕ್ಷೆಯನ್ನು ಎದುರಿಸಿಲ್ಲ. ಬಡತನ ಬೇರೆ ದಾರಿಯಲ್ಲಿ ಅಳತೆಯೊಳಗೆ ನುಸುಳಿರಲೂಬಹುದು. ಮುಯ್ಯಿ ಕೊಡಲು ಆಗದವರು ತಾವಾಗಿಯೇ ಮದುವೆಯಿಂದ ದೂರ ಉಳಿಯುತ್ತಾರೆ. ಎರಡು ಮನೆಯಿಂದ ಯಾವುದು ಸರಿ ಅಂತ ಹೇಳಲಾಗದು. ಕಡೆಗೆ ಅವಳು ಬರೆದಿದ್ದು ಇಷ್ಟು: ಎರಡನೇ ಊಹೆ ಪೂರ್ತಿ ಹಿಡಿಯಲಿಲ್ಲ. ಕಾರಣ ವೈಧವ್ಯವಾಗಿದ್ದರೆ, ಮುಂದಿನ ಸುತ್ತಿನಲ್ಲಿ ಊರೊಳಗಿನ ಅನುಕೂಲಸ್ಥ ವಿಧವೆಯರ ಮನೆಗಳಲ್ಲೂ ಮದುವೆ-ಜಾತ್ರೆಯ ಬಾಗಿಲು ಮುಚ್ಚಿರಬೇಕು, ನೀರು-ಕೆಲಸದ್ದು ತೆರೆದಿರಬೇಕು. ಕಾರಣ ಬಡತನವಾಗಿದ್ದರೆ ಹಾಗಿರಬಾರದು. ಇಡೀ ವಿನ್ಯಾಸದಲ್ಲಿ ನನಗೆ ಅತಿ ಹೆಚ್ಚು ಮೆಚ್ಚಿಗೆಯಾದ ಭಾಗ ಇದು.

ಈ ಪ್ರಸಂಗದಿಂದ ಇನ್ನೊಂದು ತೀರ್ಮಾನವೂ ಆಯಿತು. ಒಂಬತ್ತನ್ನೂ ಕೂಡಿಸಿ ಒಂದೇ ಅಂಕ ಕೊಡುವುದು ಬೇಡ, ಮೂರು ಗುಂಪಿನದು ಮೂರು ಅಂಕ ಪಕ್ಕಪಕ್ಕ ಇರಲಿ ಅಂತ. ಕೇರಿಯ ಅನುಕೂಲಸ್ಥ ಮನೆಗೂ ಊರೊಳಗಿನ ವಿಧವೆಯ ಮನೆಗೂ ‘ನಾಲ್ಕು’ ಬಂದಾಗ ಆ ನಾಲ್ಕುಗಳು ಒಂದೇ ಅಲ್ಲ. ಬೆಂಚಿನ ಮೇಲೆ ಕೂರದಿರುವುದಕ್ಕೂ ಅರಿಶಿಣದ ಹೊತ್ತಿಗೆ ಹಿತ್ತಿಲಿಗೆ ಹೋಗುವುದಕ್ಕೂ ಯಾವುದಕ್ಕೆ ಎಷ್ಟು ತೂಕ ಅಂತ ಹೇಳುವ ಆಧಾರ ಅವಳ ಹತ್ತಿರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ.

ಕೇಳುವವರು ಯಾರು ಅನ್ನುವುದು ಹಾಗೇ ಉಳಿದ ಕೊರತೆ. ಅವಳು ಊರೊಳಗಿನ ಜಾತಿಯವಳು, ಅಜ್ಜಿಯ ಹೆಸರು ಹೇಳಿದರೆ ಎಲ್ಲರಿಗೂ ಗೊತ್ತು. ಎರಡನೇ ಸುತ್ತಿನಲ್ಲಿ ಕೇರಿಯ 14 ಮನೆಗಳನ್ನು ಚೀಟಿ ಎತ್ತಿ, ಏಳಕ್ಕೆ ಅವಳು, ಏಳಕ್ಕೆ ದಲಿತ ಕುಟುಂಬದಿಂದ ಬಂದ ಅವಳ ಸಹಪಾಠಿ ಹೋದರು. ನಾಲ್ಕನೇ ಪ್ರಶ್ನೆಗೆ ಅವಳಿಗೆ ‘ಏನೂ ಆಗಲ್ಲ’ ಅಂದವರು ನಾಲ್ಕು ಮನೆ, ಅವನಿಗೆ ಒಂದೇ ಮನೆ. ಏಳು ಏಳು ಮನೆಯಿಂದ ದೊಡ್ಡ ಮಾತು ಹೇಳಲಾಗದು. ಆದರೆ ಮುಖ್ಯ ಅಧ್ಯಯನದಲ್ಲಿ ಯಾರು ಕೇಳಿದರು ಅನ್ನುವ ಕಾಲಂ ಹಾಳೆಯ ಮೊದಲ ಸಾಲಿಗೇ ಬಂತು, ಮನೆಗಳನ್ನು ಚೀಟಿ ಎತ್ತಿ ಹಂಚುವುದೂ ನಿಯಮವಾಯಿತು.

ತಾಂಡಾದ ಸಮಸ್ಯೆ ಇನ್ನೂ ಕಷ್ಟದ್ದು. ದೀಪಾವಳಿ ದಾಟಿದರೆ ಅರ್ಧ ತಾಂಡಾ ಗುಳೆ ಹೋಗುತ್ತದೆ, ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರು. ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಊರಲ್ಲಿರುವ ಮನೆಗೆ ಒಂಬತ್ತು ಬಾಗಿಲೂ ಎದುರಾಗುವುದೇ ಇಲ್ಲ. ಮದುವೆ ತಪ್ಪುತ್ತದೆ, ಜಾತ್ರೆ ತಪ್ಪುತ್ತದೆ, ಸಭೆ ತಪ್ಪುತ್ತದೆ. ಅದಕ್ಕೆ ಎದುರಾದ ಬಾಗಿಲುಗಳಲ್ಲಿ ಮುಚ್ಚಿದ್ದು ಎಷ್ಟು ಅಂತ ಲೆಕ್ಕ ಹಾಕಿದಳು. ಐದಕ್ಕಿಂತ ಕಡಿಮೆ ಬಾಗಿಲು ಎದುರಾದ ಮನೆಗಳನ್ನು ಲೆಕ್ಕದಿಂದ ಹೊರಗಿಡುವ ನಿಯಮ ಮಾಡಿದಳು. ಸಂಖ್ಯೆ ಅಲುಗಾಡಬಾರದು ಅಂದರೆ ಅದು ಸರಿಯಾದ ನಿಯಮವೇ. ಆದರೆ 12 ತಾಂಡಾ ಮನೆಗಳಲ್ಲಿ ಐದು ಹೊರಗೆ ಬಿದ್ದವು. ಹೊರಗಿಡುವಿಕೆಯ ಅಳತೆಯಿಂದಲೇ ಅವರು ಹೊರಗೆ ಬಿದ್ದರು ಅಂತ ಅವಳಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ.

ಕಡೆಗೆ ಎರಡು ಬದಲಾವಣೆ ಮಾಡಿದಳು. ‘ಕಳೆದ ಒಂದು ವರ್ಷದಲ್ಲಿ’ ಅನ್ನುವುದನ್ನು ತೆಗೆದು, ‘ನೀವು ಊರಲ್ಲಿದ್ದಾಗ ಕಡೆಯ ಸಲ’ ಅಂತ ಬರೆದಳು. ನೆನಪು ಹಳೆಯದಾದಷ್ಟೂ ಮಸುಕಾಗುತ್ತದೆ ಅನ್ನುವುದು ಗೊತ್ತಿದ್ದೇ, ಎಷ್ಟು ಹಳೆಯದು ಅಂತ ಪಕ್ಕದಲ್ಲೇ ತುಂಬಿಸುವ ಜಾಗ ಇಟ್ಟಳು. ಆಮೇಲೆ ಡಿಸೆಂಬರಿಗೆ ಅಂತ ಹಾಕಿಕೊಂಡಿದ್ದ ಕ್ಷೇತ್ರಕಾರ್ಯವನ್ನು ಜೂನಿಗೆ ತಳ್ಳಿದಳು. ತೊಗರಿ ಬಿತ್ತಲು ತಾಂಡಾದವರು ಊರಿಗೆ ಮರಳುವುದು ಆಗಲೇ.